ಕಂದೀಲಿನ ಗ್ಲೋ ಗೋಡೆಗೆ ಹೊಂದಬೇಕಾದರೆ: ಗಾಮಾ, ಲೀನಿಯರ್, ACEScgಗಳಲ್ಲಿ ಯಾವುದನ್ನು ಆರಿಸಬೇಕು

ಮಲೆನಾಡಿನ ಒಂದು ಮನೆಯ ಜಗಲಿ. ಮಳೆಗಾಲದ ಮುಸ್ಸಂಜೆ. ತೊಲೆಗೆ ಕಂದೀಲು ನೇತುಹಾಕಿದ್ದಾರೆ. ಹಿಂದೆ ಮಣ್ಣಿನ ಗೋಡೆ, ಪಕ್ಕದಲ್ಲಿ ಸುಣ್ಣ ಬಳಿದ ಕಂಬ. ಒಂದು ಕಿರುಚಿತ್ರದ ಈ ಶಾಟಿನಲ್ಲಿ ಕಂದೀಲಿನ ಸುತ್ತ ಸ್ವಲ್ಪ ಗ್ಲೋ ಬೇಕು ಎಂದು ಕೇಳಿದ್ದರು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹಿಡಿಯಿತು.

ಮೊದಲ ವರ್ಷನ್ ನೋಡಿದ ನಿರ್ದೇಶಕರು, "ದೀಪ ಉರೀತಿಲ್ಲ ಕಣೋ, ಸ್ಟಿಕ್ಕರ್ ಅಂಟಿಸಿದ ಹಾಗಿದೆ" ಅಂದರು. ಅವರ ಮಾತು ಸರಿಯಾಗಿಯೇ ಇತ್ತು. ಗ್ಲೋ ಜಾಸ್ತಿ ಮಾಡಿದೆ. ಸುಣ್ಣದ ಕಂಬ ಪೂರ್ತಿ ಬೆಳ್ಳಗಾಗಿ ಸುಟ್ಟುಹೋಯಿತು, ಮಣ್ಣಿನ ಗೋಡೆ ಮಾತ್ರ ಹಾಗೇ ಮಂಕಾಗಿ ಉಳಿಯಿತು. ಕಡಿಮೆ ಮಾಡಿದರೆ ಗೋಡೆಯ ಮೇಲೆ ಏನೂ ಕಾಣದು. ಒಂದೇ ದೀಪದ ಬೆಳಕು ಎರಡು ಕಡೆ ಎರಡು ರೀತಿ ನಡೆದುಕೊಳ್ಳುತ್ತಿತ್ತು. ಸ್ಲೈಡರ್ ಎಷ್ಟು ಎಳೆದರೂ ಇದು ಸರಿಹೋಗುವುದಿಲ್ಲ. ತಪ್ಪು ಇದ್ದದ್ದು ಲೆಕ್ಕ ನಡೆಯುವ ಜಾಗದಲ್ಲಿ, ಅಂದರೆ ಕಲರ್ ಸ್ಪೇಸಿನಲ್ಲಿ.

ಇಂಥ ಶಾಟ್ ಕೈಗೆ ಬಂದಾಗ ನಮ್ಮ ಮುಂದೆ ನಾಲ್ಕು ದಾರಿ ಇರುತ್ತವೆ. ಇದ್ದ ಹಾಗೆ ಗಾಮಾದಲ್ಲೇ ಕೆಲಸ ಮಾಡಬಹುದು. ಲೇಯರ್‌ಗಳ ಬ್ಲೆಂಡ್ ಒಂದನ್ನು ಮಾತ್ರ ಲೀನಿಯರ್ ಮಾಡಬಹುದು. ಪೂರ್ತಿ ಲೀನಿಯರ್‌ಗೆ ಹೋಗಬಹುದು. ಇಲ್ಲವೇ ಸಿನಿಮಾ ಕೆಲಸಕ್ಕೆಂದು ಮಾಡಿದ ACEScg ಎಂಬ ಕಲರ್ ಸ್ಪೇಸಿನಲ್ಲಿ ಕೆಲಸ ಮಾಡಬಹುದು. ಈ ನಾಲ್ಕನ್ನೂ ಇದೇ ಕಂದೀಲಿನ ಮೇಲೆ ಇಟ್ಟು ನೋಡೋಣ.

## ಫೈಲಿನಲ್ಲಿರುವ ಸಂಖ್ಯೆ ಬೆಳಕಿನ ಅಳತೆಯಲ್ಲ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. 8 ಬಿಟ್ ಚಿತ್ರದಲ್ಲಿ 255 ಬಿಳಿ. ಹಾಗಾದರೆ 128 ಅಂದರೆ ಅರ್ಧ ಬೆಳಕು ಅಲ್ವಾ? ಅಲ್ಲ. ಮಾಮೂಲಿ ಮಾನಿಟರ್‌ಗಳಿಗೆಂದು ಇರುವ ಎಸ್‌ಆರ್‌ಜಿಬಿ ಚಿತ್ರದಲ್ಲಿ 128 ಅಂದರೆ ಬಿಳಿಯ ಸುಮಾರು 22% ಬೆಳಕು ಮಾತ್ರ. ನಿಜವಾದ ಅರ್ಧ ಬೆಳಕು ಇರುವುದು 188ರಲ್ಲಿ. ನಮ್ಮ ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ. ಹಾಗಾಗಿ ಕತ್ತಲ ಭಾಗಕ್ಕೆ ಜಾಸ್ತಿ ಸಂಖ್ಯೆ ಸಿಗುವಂತೆ ಬೆಳಕನ್ನು ಒಂದು ವಕ್ರರೇಖೆಯ ಮೂಲಕ ಹಾಯಿಸಿ ಫೈಲಿನಲ್ಲಿ ಇಡುತ್ತಾರೆ. ಈ ವಕ್ರರೇಖೆಯನ್ನೇ ನಾವು ಸಡಿಲವಾಗಿ ಗಾಮಾ ಎನ್ನುತ್ತೇವೆ. ಅದನ್ನು ಬಿಚ್ಚಿ, ಸಂಖ್ಯೆ ನೇರವಾಗಿ ಬೆಳಕಿನ ಅಳತೆಯೇ ಆಗುವಂತೆ ಮಾಡಿದರೆ ಅದು ಲೀನಿಯರ್. ಎಸ್‌ಆರ್‌ಜಿಬಿಯಲ್ಲಿ ಅದನ್ನು ಬಿಚ್ಚುವ ಸೂತ್ರ ಹೀಗಿದೆ. V ಅಂದರೆ ಫೈಲಿನ ಸಂಖ್ಯೆ, 0ಯಿಂದ 1ರ ಅಳತೆಯಲ್ಲಿ. L ಅಂದರೆ ಬೆಳಕು.

```
V <= 0.04045 :  L = V / 12.92
V >  0.04045 :  L = ((V + 0.055) / 1.055) ^ 2.4
```

ಚಿತ್ರವನ್ನು ಸುಮ್ನೆ ತೋರಿಸುವುದಾದರೆ ಈ ವಕ್ರರೇಖೆಯಿಂದ ತೊಂದರೆಯಿಲ್ಲ, ಮಾನಿಟರ್ ಅದನ್ನು ಬಿಚ್ಚಿಕೊಳ್ಳುತ್ತದೆ. ತೊಂದರೆ ಬರುವುದು ಎರಡು ಪಿಕ್ಸೆಲ್‌ಗಳನ್ನು ಕೂಡಿಸಿದಾಗ ಅಥವಾ ಸರಾಸರಿ ತೆಗೆದಾಗ. ಗ್ಲೋ ಅಂದರೆ ಕೂಡಿಸುವುದು. ಬ್ಲರ್ ಅಂದರೆ ಸರಾಸರಿ. ಒಂದು ಲೇಯರ್ ಮೇಲೆ ಇನ್ನೊಂದನ್ನು ಅರೆಪಾರದರ್ಶಕವಾಗಿ ಇಡುವುದೂ ಸರಾಸರಿಯೇ. ಅಪ್ಪಟ ಕೆಂಪಿನ ಪಕ್ಕ ಅಪ್ಪಟ ಹಸಿರು ಇಟ್ಟು ಗಾಮಾದಲ್ಲಿ ಬ್ಲರ್ ಮಾಡಿದರೆ ನಡುವೆ 128, 128, 0 ಬರುತ್ತದೆ. ಅದು ಕೊಳೆತ ಎಲೆಯ ಹಾಗೆ ಕಪ್ಪಾದ ಬಣ್ಣ. ಲೀನಿಯರ್‌ನಲ್ಲಿ ಅದೇ ಜಾಗಕ್ಕೆ 188, 188, 0 ಬರುತ್ತದೆ, ತಿಳಿಯಾದ ಹಳದಿ. ಔಟ್ ಆಫ್ ಫೋಕಸ್ ಆದ ನಿಜವಾದ ಲೆನ್ಸ್ ಕೊಡುವುದೂ ಈ ಹಳದಿಯನ್ನೇ. ಬ್ಲರ್ ಅಂಚಿನಲ್ಲಿ ಕಪ್ಪು ಗೆರೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಈಗ ನಮ್ಮ ಕಂಬ ಮತ್ತು ಗೋಡೆಗೆ ಬರೋಣ. ಫೈಲಿನಲ್ಲಿ ಮಣ್ಣಿನ ಗೋಡೆ ಸುಮಾರು 0.25, ಸುಣ್ಣದ ಕಂಬ 0.7 ಇತ್ತು. ಗಾಮಾದಲ್ಲಿ ಎರಡಕ್ಕೂ 0.2 ಗ್ಲೋ ಕೂಡಿಸಿದೆ ಅನ್ನಿ. ಗೋಡೆ 0.45 ಆಯಿತು, ಕಂಬ 0.9 ಆಯಿತು. ಇದನ್ನು ಬೆಳಕಿನ ಲೆಕ್ಕಕ್ಕೆ ತಿರುಗಿಸಿದರೆ ಗೋಡೆಗೆ 0.12ರಷ್ಟು ಬೆಳಕು ಸೇರಿದೆ, ಕಂಬಕ್ಕೆ 0.34ರಷ್ಟು. ಒಂದೇ ಗ್ಲೋ, ಕಂಬದ ಮೇಲೆ ಮೂರು ಪಟ್ಟು ಹತ್ತಿರ ಜೋರು. ಲೆನ್ಸಿನೊಳಗೆ ಚೆದುರುವ ಬೆಳಕಿಗೆ ಹಿಂದೆ ಕಂಬವಿದೆಯೋ ಗೋಡೆಯಿದೆಯೋ ಗೊತ್ತಿರುವುದಿಲ್ಲ. ಅದು ಎರಡರ ಮೇಲೂ ಒಂದೇ ಸಮ ಬೀಳುತ್ತದೆ. ಕಂಬ ಸುಟ್ಟು ಗೋಡೆ ಮಂಕಾಗಿ ಉಳಿದದ್ದು ಇದರಿಂದಲೇ.

## ಮೊದಲ ದಾರಿ: ಗಾಮಾದಲ್ಲೇ ಇರುವುದು

ಇದು ಯಾವಾಗಲೂ ತಪ್ಪು ಎಂದು ನಾನು ಹೇಳುವುದಿಲ್ಲ. ಟೈಟಲ್ ಕಾರ್ಡ್, ಸುದ್ದಿ ಪಟ್ಟಿ, ಆ್ಯಪ್ ಜಾಹೀರಾತಿನ ಗ್ರಾಫಿಕ್ಸ್, ಲೋವರ್ ಥರ್ಡ್ ಇಂಥ ಕೆಲಸಕ್ಕೆ ಗಾಮಾವೇ ಸರಿ. ಡಿಸೈನರ್ ಫೋಟೋಶಾಪ್‌ನಲ್ಲೋ ಬ್ರೌಸರ್‌ನಲ್ಲೋ 40% ನೆರಳು ಇಟ್ಟು ಒಪ್ಪಿಗೆ ಪಡೆದಿರುತ್ತಾರೆ. ಅವು ಸಾಮಾನ್ಯವಾಗಿ ಗಾಮಾದಲ್ಲೇ ಬ್ಲೆಂಡ್ ಮಾಡುತ್ತವೆ. ಅದೇ ವಿನ್ಯಾಸವನ್ನು ಲೀನಿಯರ್‌ಗೆ ತಂದರೆ ನೆರಳು ತೆಳುವಾಗುತ್ತದೆ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರ ದಪ್ಪಗಾಗುತ್ತದೆ, ಬಿಳಿ ಹಿನ್ನೆಲೆಯ ಕಪ್ಪು ಅಕ್ಷರ ಸಣ್ಣಗಾಗುತ್ತದೆ. ಕನ್ನಡದ ಒತ್ತಕ್ಷರಗಳ ಸಣ್ಣ ತಿರುವುಗಳಲ್ಲಿ ಈ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

ಫೇಡ್ ಕೂಡ ಹಾಗೆಯೇ. ಬಿಳಿಯಿಂದ ಕಪ್ಪಿಗೆ ಲೀನಿಯರ್‌ನಲ್ಲಿ ಫೇಡ್ ಮಾಡಿದರೆ ಅರ್ಧ ದಾರಿಯಲ್ಲಿ ಚಿತ್ರ ಇನ್ನೂ 188ರಲ್ಲಿರುತ್ತದೆ. ಬಹಳ ಹೊತ್ತು ಬೆಳಕಾಗಿಯೇ ಇದ್ದು ಕೊನೆಯಲ್ಲಿ ದಡಕ್ಕನೆ ಕತ್ತಲಾಗುತ್ತದೆ. ಕಣ್ಣಿಗೆ ಹಿತವಾದ ಫೇಡ್ ಬೇಕಿದ್ದರೆ ಗಾಮಾದ ಫೇಡೇ ಚೆನ್ನ. ಬೆಳಕಿನ ನಡತೆಯನ್ನು ಅನುಕರಿಸುವ ಕೆಲಸಕ್ಕೆ ಲೀನಿಯರ್, ಕಣ್ಣಿಗೆ ಸಮನಾದ ಹೆಜ್ಜೆಗಳು ಬೇಕಾದ ಕೆಲಸಕ್ಕೆ ಗಾಮಾ. ನಾನು ಆಯ್ಕೆ ಮಾಡುವುದು ಹೀಗೆ. ಕಂದೀಲು ಮೊದಲನೆಯ ಗುಂಪಿಗೆ ಸೇರಿದ್ದು.

## ಎರಡನೆಯ ದಾರಿ: ಬ್ಲೆಂಡ್ ಮಾತ್ರ ಲೀನಿಯರ್

ಆಫ್ಟರ್ ಎಫೆಕ್ಟ್ಸ್‌ನ `Project Settings` ತೆರೆದು `Color` ಟ್ಯಾಬ್‌ಗೆ ಹೋದರೆ `Blend Colors Using 1.0 Gamma` ಎಂಬ ಚೆಕ್‌ಬಾಕ್ಸ್ ಇದೆ. ಇದನ್ನು ಒತ್ತಿದರೆ ಲೇಯರ್‌ಗಳು ಒಂದರ ಮೇಲೊಂದು ಕೂಡುವ ಲೆಕ್ಕ ಮಾತ್ರ ಲೀನಿಯರ್ ಆಗುತ್ತದೆ. ಲೇಯರ್‌ನ ಒಳಗಿನ ಎಫೆಕ್ಟ್‌ಗಳು, ಅಂದರೆ ಬ್ಲರ್ ಮತ್ತು ಗ್ಲೋ, ಗಾಮಾದಲ್ಲೇ ಉಳಿಯುತ್ತವೆ.

ಗ್ಲೋ ಬೇರೆ ಲೇಯರ್‌ನಲ್ಲಿದ್ದು `Add` ಮೋಡ್‌ನಲ್ಲಿ ಕೂಡುತ್ತಿದ್ದರೆ ಇದರಿಂದ ಪ್ರಯೋಜನವಿದೆ. ಕಂಬ ಮತ್ತು ಗೋಡೆಯ ಜಗಳ ಅಲ್ಲಿಗೇ ಬಗೆಹರಿಯುತ್ತದೆ. ಹೊಗೆ, ಬೆಂಕಿ, ಲೆನ್ಸ್ ಫ್ಲೇರ್‌ಗಳ ಸ್ಟಾಕ್ ಕ್ಲಿಪ್‌ಗಳನ್ನು ಕಪ್ಪು ಹಿನ್ನೆಲೆಯ ಮೇಲಿಂದ ತಂದು ಕೂಡಿಸುವವರಿಗೆ ಇದು ಒಂದೇ ಕ್ಲಿಕ್ಕಿನಲ್ಲಿ ಸಿಗುವ ಸುಧಾರಣೆ. ಉಳಿದ ಪ್ರಾಜೆಕ್ಟ್ ಕೂಡ ಹೆಚ್ಚು ಅಲುಗಾಡುವುದಿಲ್ಲ. ಆದರೆ ಕಂದೀಲಿನ ಬ್ಲರ್ ಗಾಮಾದಲ್ಲೇ ಆಗಿರುವುದರಿಂದ ಜ್ವಾಲೆಯ ಸುತ್ತಲ ಬೆಳಕು ಬೇಗನೆ ಸೊರಗುತ್ತದೆ. ನಾಳೆ ಸಂಜೆ ಕೊಡಲೇಬೇಕಾದ ಕೆಲಸಕ್ಕೆ ಇದನ್ನು ಬಳಸಿ. ಹೊಸ ಪ್ರಾಜೆಕ್ಟ್ ಇಲ್ಲಿಂದ ಶುರು ಮಾಡಬೇಡಿ.

## ಮೂರನೆಯ ದಾರಿ: ಪೂರ್ತಿ ಲೀನಿಯರ್

ನ್ಯೂಕ್ ಮತ್ತು ಬ್ಲೆಂಡರ್ ಮೊದಲಿನಿಂದಲೇ ಹೀಗೆ ಕೆಲಸ ಮಾಡುತ್ತವೆ. ನ್ಯೂಕ್‌ನಲ್ಲಿ `Read` ನೋಡ್ ಫೈಲಿನ ಗಾಮಾವನ್ನು ಬಿಚ್ಚುತ್ತದೆ, ನಡುವಿನ ಎಲ್ಲ ಲೆಕ್ಕ ಲೀನಿಯರ್‌ನಲ್ಲಿ ನಡೆಯುತ್ತದೆ, ವ್ಯೂವರ್ ಕಣ್ಣಿಗಾಗಿ ಮತ್ತೆ ವಕ್ರರೇಖೆ ಹಾಕಿ ತೋರಿಸುತ್ತದೆ. ಫ್ಯೂಷನ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಇಲ್ಲದೆ ಕೆಲಸ ಮಾಡುತ್ತಿದ್ದರೆ ಶುರುವಿನಲ್ಲಿ `Gamut` ನೋಡ್ ಇಟ್ಟು `Remove Gamma` ಒತ್ತಬೇಕು, ಕೊನೆಯಲ್ಲಿ ಇನ್ನೊಂದು ಇಟ್ಟು `Add Gamma` ಒತ್ತಬೇಕು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಡೆಪ್ತ್ 32 ಬಿಟ್‌ಗೆ ಏರಿಸಿ, ವರ್ಕಿಂಗ್ ಸ್ಪೇಸ್ ಒಂದನ್ನು ಆರಿಸಿ, `Linearize Working Space` ಒತ್ತಬೇಕು.

32 ಬಿಟ್ ಯಾಕೆ ಬೇಕು? 8 ಬಿಟ್‌ನ ಲೀನಿಯರ್‌ನಲ್ಲಿ ಕಪ್ಪಿನ ನಂತರದ ಮೊದಲ ಮೆಟ್ಟಿಲು 255ರಲ್ಲಿ 1. ಅದನ್ನು ಮಾನಿಟರ್‌ಗೆ ತಿರುಗಿಸಿದರೆ 13 ಬರುತ್ತದೆ. 0 ಆದಮೇಲೆ ನೇರವಾಗಿ 13! ನಡುವಿನ ಹನ್ನೆರಡು ಮೆಟ್ಟಿಲು ಇಲ್ಲ. ಮುಸ್ಸಂಜೆಯ ಮಣ್ಣಿನ ಗೋಡೆ ಇರುವುದೇ ಆ ಕತ್ತಲಿನ ಕಡೆ. ಅಲ್ಲಿ ಪಟ್ಟೆ ಪಟ್ಟೆಯಾಗಿ ಬ್ಯಾಂಡಿಂಗ್ ಬರುತ್ತದೆ. ಲೀನಿಯರ್ ಚಿತ್ರವನ್ನು ಫೈಲಿಗೆ ಇಳಿಸುವಾಗಲೂ ಇದೇ ಮಾತು. 8 ಬಿಟ್ ಪಿಎನ್‌ಜಿಗೆ ಲೀನಿಯರ್ ಆಗಿ ಬರೆಯಬೇಡಿ, ಇಎಕ್ಸ್‌ಆರ್‌ಗೆ ಬರೆಯಿರಿ. ಅದರ 16 ಬಿಟ್ ಹಾಫ್ ಫ್ಲೋಟ್ ಕತ್ತಲಿನಲ್ಲಿ ಬೇಕಾದಷ್ಟು ಸೂಕ್ಷ್ಮವಾಗಿದೆ, ಮೇಲ್ಗಡೆ 65504ರವರೆಗೆ ಹೋಗುತ್ತದೆ.

ಈ ಮೇಲ್ಗಡೆಯ ಜಾಗವೇ ನನ್ನ ಶಾಟಿನ ಎರಡನೆಯ ದಿನವನ್ನು ತಿಂದದ್ದು. ಲೀನಿಯರ್ ಮಾಡಿದ ಮೇಲೂ ಕಂದೀಲು ಉರಿಯಲಿಲ್ಲ. ಲೆಕ್ಕ ಹಾಕಿ ನೋಡಿದಾಗ ಕಾರಣ ಗೊತ್ತಾಯಿತು. ಜ್ವಾಲೆಯ ಬೆಳಕಿನಲ್ಲಿ 1% ಗೋಡೆಯ ಒಂದು ಜಾಗದ ಮೇಲೆ ಹರಡುತ್ತದೆ ಅಂದುಕೊಳ್ಳಿ. ಆ ಜಾಗದ ಗೋಡೆ ಬೆಳಕಿನ ಲೆಕ್ಕದಲ್ಲಿ 0.05, ಮಾನಿಟರ್‌ನಲ್ಲಿ 63. ನನ್ನ ಹತ್ತಿರ ಇದ್ದದ್ದು ಎಡಿಟಿಂಗ್‌ಗಾಗಿ ಇಳಿಸಿದ 8 ಬಿಟ್ ಎಂಪಿ4. ಅದರಲ್ಲಿ ಜ್ವಾಲೆ 255ಕ್ಕೆ ಬಡಿದು ನಿಂತಿತ್ತು, ಅಂದರೆ 1.0. ಗಾಮಾದಲ್ಲಿ 1% ಕೂಡಿಸಿದರೆ ಗೋಡೆ 63ರಿಂದ 66ಕ್ಕೆ ಹೋಗುತ್ತದೆ. ಲೀನಿಯರ್‌ನಲ್ಲಿ ಕೂಡಿಸಿದರೆ 0.06 ಆಗಿ 69ಕ್ಕೆ ಹೋಗುತ್ತದೆ. ಮೂರು ಮೆಟ್ಟಿಲಿನ ವ್ಯತ್ಯಾಸ, ಅಷ್ಟೇ. ಆಮೇಲೆ ಅತಿ ಬೆಳಕನ್ನೂ ಕತ್ತರಿಸದೆ ಹಿಡಿದಿಡುವ, ಕ್ಯಾಮೆರಾದ ಮೂಲ ಲಾಗ್ ಫೈಲ್ ಕೇಳಿ ತರಿಸಿದೆ. ಅದನ್ನು ಸರಿಯಾಗಿ ಲೀನಿಯರ್ ಮಾಡಿದಾಗ ಜ್ವಾಲೆಯ ಬೆಲೆ ಸುಮಾರು 12 ಇತ್ತು. ಅದರ 1% ಅಂದರೆ 0.12. ಗೋಡೆ 0.17 ಆಯಿತು, ಮಾನಿಟರ್‌ನಲ್ಲಿ 115. ಅದೇ ಬ್ಲರ್, ಅದೇ 1%. ಗೋಡೆಯ ಮೇಲೆ ಬೆಚ್ಚಗಿನ ಬೆಳಕು ತಾನಾಗಿ ಹರಡಿತು.

ಹಾಗಾಗಿ ಈ ದಾರಿಗೆ ಎರಡು ಕಾಲುಗಳಿವೆ. ಲೆಕ್ಕ ಲೀನಿಯರ್ ಆಗಿರಬೇಕು, ಜೊತೆಗೆ 1.0ಗಿಂತ ಮೇಲಿನ ಬೆಳಕು ಫೈಲಿನಲ್ಲಿ ಉಳಿದಿರಬೇಕು. ಬರೀ ಚೆಕ್‌ಬಾಕ್ಸ್ ಒತ್ತಿ "ಲೀನಿಯರ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ" ಎನ್ನುವವರ ಪ್ಲೇಟ್, ಅಂದರೆ ಶೂಟ್ ಮಾಡಿದ ಮೂಲ ಚಿತ್ರ, ನೋಡಿದರೆ ಬಹಳ ಸಲ ಅದು 1.0ರಲ್ಲೇ ಕತ್ತರಿಸಿ ಕ್ಲಿಪ್ ಆಗಿರುತ್ತದೆ.

ಮೂಲ ಫೈಲ್ ಸಿಗದೇ ಹೋದರೆ? ಜ್ವಾಲೆಗೆ ಒಂದು ಮಾಸ್ಕ್ ಹಾಕಿ ಅಥವಾ ಲೂಮಾ ಕೀ ತೆಗೆದು, ಲೀನಿಯರ್‌ನಲ್ಲಿ ಅದರ ಬೆಲೆಯನ್ನು 8ರಿಂದ ಗುಣಿಸಿ, ಅಂದರೆ ಮೂರು ಸ್ಟಾಪ್ ಏರಿಸಿ. ಗ್ಲೋಗೆ ಹೋಗುವ ಪ್ರತಿಯಲ್ಲಿ ಮಾತ್ರ ಇದನ್ನು ಮಾಡಿ. ಮೇಲಿನ ಲೆಕ್ಕದಲ್ಲಿ ಗೋಡೆ 101ರ ಹತ್ತಿರ ಬರುತ್ತದೆ. ಕ್ಲಿಪ್ ಆದ ಜ್ವಾಲೆ ಬರೀ ಬಿಳಿಯಾಗಿರುವುದರಿಂದ ಗ್ಲೋ ಕೂಡ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಗುಣಿಸುವಾಗ ಕೆಂಪಿಗೆ ಜಾಸ್ತಿ, ನೀಲಿಗೆ ಕಡಿಮೆ ಕೊಟ್ಟು ಕಂದೀಲಿನ ಬಣ್ಣವನ್ನು ಕೈಯಾರೆ ಕೂರಿಸಬೇಕು. ಇದು ಊಹೆಯೇ ಹೌದು, ಆದರೂ ಸ್ಟಿಕ್ಕರ್‌ಗಿಂತ ಎಷ್ಟೋ ವಾಸಿ.

### ಲಾಗ್ ಫೈಲ್ ತರುವಾಗ ಅಡಗಿ ಕೂರುವ ತಪ್ಪು

ಲಾಗ್ ಫೈಲಿಗೂ ಎಸ್‌ಆರ್‌ಜಿಬಿ ಫೈಲಿಗೂ ವಕ್ರರೇಖೆ ಬೇರೆ ಬೇರೆ. ಸೋನಿ ಕ್ಯಾಮೆರಾಗಳ ಎಸ್-ಲಾಗ್3 ಫೈಲನ್ನು ಎಸ್‌ಆರ್‌ಜಿಬಿ ಎಂದುಕೊಂಡು ಬಿಚ್ಚಿದರೆ ಏನಾಗುತ್ತದೆ ನೋಡಿ. ಎಸ್-ಲಾಗ್3ರಲ್ಲಿ 18% ಗ್ರೇ ಕಾರ್ಡ್ ಇರುವುದು 0.41ರಲ್ಲಿ. ಸರಿಯಾಗಿ ಬಿಚ್ಚಿದರೆ 0.18 ಬರಬೇಕು. ಎಸ್‌ಆರ್‌ಜಿಬಿ ಸೂತ್ರದಲ್ಲಿ 0.14 ಬರುತ್ತದೆ. ಕಣ್ಣಿಗೆ ಹೆಚ್ಚುಕಡಿಮೆ ಸರಿಯೇ ಕಾಣುತ್ತದೆ, ಕಾಂಟ್ರಾಸ್ಟ್ ಸ್ವಲ್ಪ ಸಪ್ಪೆ ಅಷ್ಟೇ. ಅದಕ್ಕೇ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಆದರೆ ಆ ಸೂತ್ರ 1.0ಯನ್ನು 1.0 ಆಗಿಯೇ ಬಿಡುತ್ತದೆ. ಜ್ವಾಲೆ 12ಕ್ಕೆ ಏರಲೇ ಇಲ್ಲ. ನೀವು ಕಷ್ಟಪಟ್ಟು ತರಿಸಿದ ಲಾಗ್ ಫೈಲ್ ವ್ಯರ್ಥವಾಯಿತು. ಆದ್ದರಿಂದ ಬೆಳಕಿನ ಮೂಲದ ಮೇಲೆ ಕರ್ಸರ್ ಇಟ್ಟು ಪಿಕ್ಸೆಲ್ ಬೆಲೆ ಓದಿ. ಉರಿಯುವ ದೀಪ 1ಕ್ಕಿಂತ ಮೇಲಿಲ್ಲ ಅಂದರೆ ಹಿಂದೆ ಎಲ್ಲೋ ಕೆಟ್ಟಿದೆ.

### ಗ್ಲೋ ಕಟ್ಟುವ ರೀತಿಯೂ ಬದಲಾಗುತ್ತದೆ

ಲೀನಿಯರ್‌ಗೆ ಬಂದ ಮೇಲೆ ಹಳೆಯ ಅಭ್ಯಾಸಗಳಲ್ಲಿ ಎರಡನ್ನು ಬಿಡಬೇಕು. ಮೊದಲನೆಯದು `Screen` ಮೋಡ್. ಅದರ ಸೂತ್ರ 1 − (1 − a)(1 − b). ಎರಡೂ 1ರ ಒಳಗಿದ್ದಾಗ ಚೆನ್ನಾಗಿಯೇ ಇರುತ್ತದೆ. ಎರಡೂ 2 ಇದ್ದರೆ? 1 − (−1)(−1), ಅಂದರೆ 0. ಅತಿ ಬೆಳಕಿನ ಜಾಗ ಕಪ್ಪಾಯಿತು. ಇದನ್ನು ತಡೆಯಲು ನ್ಯೂಕ್‌ನ `screen` 1ರ ಆಚೆಯ ಬೆಲೆಗಳಿಗೆ ದೊಡ್ಡದನ್ನೇ ಇಟ್ಟುಕೊಳ್ಳುತ್ತದೆ. ಹಾಗೆ ಇಟ್ಟುಕೊಂಡರೂ ಅದು ಬೆಳಕಿನ ಕೂಡಿಕೆ ಅಲ್ಲ. ಲೀನಿಯರ್‌ನಲ್ಲಿ ಗ್ಲೋ ಸೇರಿಸಲು ನೇರವಾಗಿ `plus` ಅಥವಾ `Add` ಬಳಸಿ.

ಎರಡನೆಯದು ಒಂದೇ ದೊಡ್ಡ ಗಾಸಿಯನ್ ಬ್ಲರ್. ಗಾಮಾದಲ್ಲಿ ಅದು ಮೆತ್ತಗೆ ಕಾಣುತ್ತಿತ್ತು. ಲೀನಿಯರ್‌ನಲ್ಲಿ ಜ್ವಾಲೆಯ ಬೆಲೆ 12 ಇರುವಾಗ ಅದೇ ಬ್ಲರ್ ಉರುಟಾದ ಚೆಂಡಿನ ಹಾಗೆ ಕಂಡು ಅಂಚಿನಲ್ಲಿ ತಟ್ಟನೆ ಮುಗಿಯುತ್ತದೆ. ನಿಜವಾದ ಗ್ಲೋಗೆ ನಡುವೆ ಚೂಪಾದ ತುದಿ ಇರುತ್ತದೆ, ಸುತ್ತಲೂ ಬಹಳ ದೂರ ಹೋಗುವ ತೆಳು ಬಾಲ ಇರುತ್ತದೆ. ಹಾಗಾಗಿ ಬೇರೆ ಬೇರೆ ಅಳತೆಯ ಬ್ಲರ್‌ಗಳನ್ನು ಪೇರಿಸಬೇಕು. ನಾನು ಕಂದೀಲಿಗೆ ಮಾಡಿದ್ದು ಇದು. b8 ಅಂದರೆ 8 ಪಿಕ್ಸೆಲ್ ಬ್ಲರ್, ಉಳಿದವೂ ಹಾಗೆಯೇ.

```
glow = (b8 + b16/2 + b32/4 + b64/8 + b128/16) / 1.94
out  = plate*0.95 + glow*0.05
```

1.94 ಅನ್ನುವುದು ಆ ಐದು ತೂಕಗಳ ಮೊತ್ತ. ಪ್ಲೇಟನ್ನು 0.95ರಿಂದ ಗುಣಿಸಿರುವುದು ಯಾಕೆಂದರೆ ಲೆನ್ಸ್ ಹೊಸ ಬೆಳಕನ್ನು ಹುಟ್ಟಿಸುವುದಿಲ್ಲ, ಇದ್ದದ್ದರಲ್ಲಿ ಸ್ವಲ್ಪವನ್ನು ಚೆದುರಿಸುತ್ತದೆ. ಇಲ್ಲಿ ಥ್ರೆಶೋಲ್ಡ್ ಇಲ್ಲ ಎಂಬುದನ್ನೂ ಗಮನಿಸಿ. ಗೋಡೆ 0.05, ಜ್ವಾಲೆ 12. ಗೋಡೆ ತನ್ನ ಬೆಳಕು ಹರಡಿದರೂ ಅದು ಲೆಕ್ಕಕ್ಕೇ ಬರುವುದಿಲ್ಲ. ಥ್ರೆಶೋಲ್ಡ್ ಸ್ಲೈಡರ್ ಬೇಕಾಗುವುದು ಹೆಚ್ಚಾಗಿ ಕ್ಲಿಪ್ ಆದ ಫೈಲುಗಳಿಗೆ. ಅಲ್ಲಿ ಬಿಳಿ ಅಂಗಿಯೂ 0.9, ದೀಪವೂ 1.0. ಸಾಫ್ಟ್‌ವೇರ್‌ಗೆ ಎರಡರ ವ್ಯತ್ಯಾಸ ಗೊತ್ತಾಗುವ ದಾರಿಯೇ ಇಲ್ಲ.

ಆಫ್ಟರ್ ಎಫೆಕ್ಟ್ಸ್ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಎಲ್ಲ ಎಫೆಕ್ಟ್‌ಗಳೂ 32 ಬಿಟ್‌ನಲ್ಲಿ ನಡೆಯುವುದಿಲ್ಲ. `Effects & Presets` ಪಟ್ಟಿಯಲ್ಲಿ ಪ್ರತಿ ಎಫೆಕ್ಟ್‌ನ ಚಿಹ್ನೆಯ ಮೇಲೆ 8, 16 ಅಥವಾ 32 ಎಂದಿರುತ್ತದೆ. ಸರಪಳಿಯ ನಡುವೆ ಒಂದೇ ಒಂದು 16 ಸೇರಿಕೊಂಡರೂ ಸಾಕು, ಜ್ವಾಲೆಯ 12 ಅಲ್ಲೇ 1 ಆಗಿಬಿಡುತ್ತದೆ.

### ಅಂಚುಗಳು

ಪಾರದರ್ಶಕತೆಯ ಅಳತೆಯಾದ ಆಲ್ಫಾದಿಂದ ಬಣ್ಣವನ್ನು ಮೊದಲೇ ಗುಣಿಸಿಟ್ಟ, ಅಂದರೆ ಪ್ರೀಮಲ್ಟಿಪ್ಲೈ ಆದ, ಗಾಮಾ ಚಿತ್ರ ತಂದಾಗ ಅಂಚಿನಲ್ಲಿ ಕಪ್ಪು ಎಳೆ ಬರುವುದು ಲೀನಿಯರ್‌ಗೆ ಹೊಸದಾಗಿ ಬಂದವರ ಸಾಮಾನ್ಯ ದೂರು. ಬಿಳಿ ಎಲೆಯೊಂದರ ಅಂಚಿನ ಪಿಕ್ಸೆಲ್‌ನ ಆಲ್ಫಾ 0.5, ಗಾಮಾದಲ್ಲೇ ಪ್ರೀಮಲ್ಟಿಪ್ಲೈ ಆಗಿರುವುದರಿಂದ ಬಣ್ಣವೂ 0.5. ಇದನ್ನು ಹಾಗೇ ಲೀನಿಯರ್ ಮಾಡಿದರೆ 0.21 ಆಗುತ್ತದೆ. ಆಗಬೇಕಾದದ್ದು 0.5. ಆ ಕೊರತೆಯೇ ಕಪ್ಪು ಎಳೆ. ಮೊದಲು ಆಲ್ಫಾದಿಂದ ಭಾಗಿಸಿ, ಆಮೇಲೆ ಲೀನಿಯರ್ ಮಾಡಿ, ಆಮೇಲೆ ಮತ್ತೆ ಆಲ್ಫಾದಿಂದ ಗುಣಿಸಬೇಕು. ನ್ಯೂಕ್‌ನ `Read` ನೋಡ್‌ನಲ್ಲಿ `premultiplied` ಒತ್ತಿದರೆ ಇಷ್ಟೂ ಕೆಲಸ ಒಳಗೇ ಆಗುತ್ತದೆ. ಆಲ್ಫಾ, ಡೆಪ್ತ್, ನಾರ್ಮಲ್ ಪಾಸ್‌ಗಳಿಗೆ ಮಾತ್ರ ಯಾವ ವಕ್ರರೇಖೆಯೂ ಬೇಡ. ಅವು ಬಣ್ಣಗಳಲ್ಲ, ಅಳತೆಗಳು. ಬ್ಲೆಂಡರ್‌ನಲ್ಲಿ ಅವುಗಳಿಗೆ `Non-Color` ಇಡಿ.

## ನಾಲ್ಕನೆಯ ದಾರಿ: ACEScg

ಅಮೆರಿಕದ ಮೋಷನ್ ಪಿಕ್ಚರ್ ಅಕಾಡೆಮಿಯ ಏಸಸ್ ವ್ಯವಸ್ಥೆಯ 1.0 ಆವೃತ್ತಿ ಬಂದದ್ದು 2014ರಲ್ಲಿ. ಅದರಲ್ಲಿ ಸಿಜಿ ಮತ್ತು ಕಂಪಾಸಿಟಿಂಗ್‌ಗೆಂದು ಇರುವ ಸ್ಪೇಸ್ ACEScg. ಇದೂ ಲೀನಿಯರ್ರೇ. ವ್ಯತ್ಯಾಸ ಇರುವುದು ಪ್ರೈಮರಿಗಳಲ್ಲಿ. ಅಂದರೆ ಅದರ ಕೆಂಪು, ಹಸಿರು, ನೀಲಿ ಎಸ್‌ಆರ್‌ಜಿಬಿಯವಕ್ಕಿಂತ ಹೆಚ್ಚು ಗಾಢವಾಗಿ ದೂರ ದೂರ ಇವೆ.

"ACEScgಗೆ ಹೋದರೆ ಗ್ಲೋ ಚೆನ್ನಾಗಿ ಬರುತ್ತದೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲೀನಿಯರ್ ಎಸ್‌ಆರ್‌ಜಿಬಿಯಿಂದ ACEScgಗೆ ಹೋಗುವುದು ಬರೀ ಒಂದು 3×3 ಮ್ಯಾಟ್ರಿಕ್ಸ್ ಗುಣಾಕಾರ. ಕೂಡಿಸುವುದು, ಸರಾಸರಿ ತೆಗೆಯುವುದು, ಒಂದೇ ಸಂಖ್ಯೆಯಿಂದ ಎಲ್ಲ ಚಾನೆಲ್ ಗುಣಿಸುವುದು ಇವನ್ನು ಮ್ಯಾಟ್ರಿಕ್ಸ್‌ಗೆ ಮೊದಲು ಮಾಡಿದರೂ ಆಮೇಲೆ ಮಾಡಿದರೂ ಉತ್ತರ ಒಂದೇ. ಮೇಲಿನ ಕಂದೀಲಿನ ಸೂತ್ರವನ್ನು ಎರಡೂ ಸ್ಪೇಸ್‌ಗಳಲ್ಲಿ ಮಾಡಿ, ಒಂದೇ ವ್ಯೂ ಟ್ರಾನ್ಸ್‌ಫಾರ್ಮ್‌ನಲ್ಲಿ ನೋಡಿ. ಎಲ್ಲೂ ಕ್ಲಿಪ್ ಆಗದಿದ್ದರೆ ಪಿಕ್ಸೆಲ್ ಪಿಕ್ಸೆಲ್ ಹೊಂದುತ್ತದೆ. ಚೆನ್ನಾಗಿ ಕಂಡದ್ದು ಏಸಸ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮ್‌ನಿಂದ. ಅದು 12ರ ಜ್ವಾಲೆಯನ್ನು 1ಕ್ಕೆ ಕತ್ತರಿಸದೆ ಮೆಲ್ಲಗೆ ಬಗ್ಗಿಸಿ ಬಿಳಿಯ ಕಡೆ ತರುತ್ತದೆ. ಬರೀ ಎಸ್‌ಆರ್‌ಜಿಬಿ ವ್ಯೂನಲ್ಲಿ ಅದೇ ಜ್ವಾಲೆ ಗಡುಸಾಗಿ ಕತ್ತರಿಸಿದಂತೆ ಕಾಣುತ್ತದೆ. ಬ್ಲೆಂಡರ್ 4.0ಯಿಂದ ಡೀಫಾಲ್ಟ್ ಆದ `AgX` ಕೂಡ ಇಂಥದ್ದೇ ಕೆಲಸ ಮಾಡುತ್ತದೆ.

ಹಾಗಾದರೆ ACEScg ಯಾವಾಗ ಬೇಕು? ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಗುಣಿಸುವಾಗ ಪ್ರೈಮರಿಗಳು ಉತ್ತರ ಬದಲಿಸುತ್ತವೆ. ಬಣ್ಣದ ಬೆಳಕು ಬಣ್ಣದ ಮೇಲ್ಮೈ ಮೇಲೆ ಬೀಳುವ ಸಿಜಿ ರೆಂಡರ್, ಬಣ್ಣ ತಿದ್ದುವ ಗ್ರೇಡ್ ಇಂಥವು. ಸಿಜಿ ತಂಡ ACEScgಯಲ್ಲಿ ರೆಂಡರ್ ಮಾಡಿ ಕೊಡುತ್ತಿದ್ದರೆ ನೀವೂ ಅದರಲ್ಲೇ ಇರಿ, ಬೇರೆ ಯೋಚನೆ ಬೇಡ. ಇನ್ನೊಂದು ದೊಡ್ಡ ಕಾರಣ ನೀಲಿ ಎಲ್‌ಇಡಿ ದೀಪಗಳು. ಜಾತ್ರೆಯ ಸೀರಿಯಲ್ ಸೆಟ್ಟಿನ ಗಾಢ ನೀಲಿ ಎಸ್‌ಆರ್‌ಜಿಬಿ ಪ್ರೈಮರಿಗಳ ಆಚೆಗೆ ಬಿದ್ದು ಕೆಂಪಿನಲ್ಲೋ ಹಸಿರಿನಲ್ಲೋ ಮೈನಸ್ ಬೆಲೆ ತರಬಹುದು. ಅಂಥದ್ದನ್ನು ಬ್ಲರ್ ಮಾಡಿದರೆ ದೀಪದ ಸುತ್ತ ಬೆಳಕಿನ ಬದಲು ಕತ್ತಲಿನ ಉಂಗುರ ಬರುತ್ತದೆ. ಮೈನಸ್ ಬೆಲೆಗೆ ಗಾಮಾ ಘಾತ ಹಾಕಿದರೆ ಕೆಲವು ಕಡೆ ಸಂಖ್ಯೆಯೇ ಅಲ್ಲದ `nan` ಪಿಕ್ಸೆಲ್ ಹುಟ್ಟುತ್ತದೆ. ಆಮೇಲಿನ ಬ್ಲರ್ ಆ ಒಂದು ಪಿಕ್ಸೆಲನ್ನು ದೊಡ್ಡ ಕಪ್ಪು ಚೌಕವಾಗಿ ಹರಡಿಬಿಡುತ್ತದೆ. ACEScgಯಲ್ಲಿ ಮೈನಸ್ ಬೆಲೆಗಳು ಬಹಳ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

ಇದರ ಖರ್ಚು ಗ್ರಾಫಿಕ್ಸ್ ಸೇರಿಸುವಾಗ ಗೊತ್ತಾಗುತ್ತದೆ. ಬಿಳಿ ಲೋಗೋವನ್ನು ಮಾಮೂಲಿ ಟೆಕ್ಸ್ಚರ್ ಆಗಿ ತಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮ್ ಅದನ್ನು ಬೂದು ಮಾಡುತ್ತದೆ, ಗ್ರಾಹಕರು ಒಪ್ಪುವುದಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮನ್ನು ತಿರುಗಿಸಿ ಒಳಗೆ ತಂದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಆದರೆ ಏಸಸ್ 1 ಸರಣಿಯಲ್ಲಿ ಆ ಬಿಳಿಯ ಒಳಬೆಲೆ ಸುಮಾರು 16. ಜ್ವಾಲೆಗಿಂತಲೂ ಜೋರು! ಅದರ ಮೇಲೆ ಗ್ಲೋ ಬಿದ್ದರೆ ಲೋಗೋ ಟ್ಯೂಬ್‌ಲೈಟಿನ ಹಾಗೆ ಉರಿಯುತ್ತದೆ. ಲೋಗೋಗಳನ್ನು ಎಲ್ಲ ಗ್ಲೋ ಮುಗಿದ ಮೇಲೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮ್ ಆದ ಮೇಲೆ ಸೇರಿಸುವುದು ನಾನು ಕಂಡ ನೆಮ್ಮದಿಯ ದಾರಿ.

ಒಬ್ಬರೇ ಕೂತು, ಒಂದೇ ಕ್ಯಾಮೆರಾದ ಪ್ಲೇಟ್‌ಗೆ ಗ್ಲೋ, ಮಂಜು, ಮಳೆ ಹಾಕುವ ಕೆಲಸವಾದರೆ ನಾನು ಲೀನಿಯರ್ ಎಸ್‌ಆರ್‌ಜಿಬಿಯಲ್ಲೇ ಇರುತ್ತೇನೆ. ಸಿಜಿ ಬೆರೆತರೆ, ಎರಡು ಮೂರು ಕ್ಯಾಮೆರಾ ಇದ್ದರೆ, ಕೊನೆಯ ಬಣ್ಣ ತಿದ್ದುವ ಹಂತವಾದ ಡಿಐಗೆ ಏಸಸ್‌ನಲ್ಲೇ ಕೊಡಬೇಕಿದ್ದರೆ ACEScg.

## ಸರಿಯಾಗಿದೆಯೇ ಎಂದು ನೋಡುವ ಬಗೆ

ಸೆಟಪ್ ಬಗ್ಗೆ ಅನುಮಾನವಿದ್ದರೆ ಐದು ನಿಮಿಷದ ಪರೀಕ್ಷೆ ಇದೆ. ಒಂದೊಂದು ಪಿಕ್ಸೆಲ್‌ನ ಕಪ್ಪು ಬಿಳಿ ಚೌಕಗಳ ಚಿತ್ರ ಮಾಡಿಕೊಳ್ಳಿ. ಅದರ ಅರ್ಧ ಭಾಗಕ್ಕೆ ಬ್ಲರ್ ಹಾಕಿ. ಝೂಮ್ 100% ಇಟ್ಟು, ಸ್ವಲ್ಪ ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿ. ಬ್ಲರ್ ಆದ ಅರ್ಧವೂ ಆಗದ ಅರ್ಧವೂ ಒಂದೇ ಬೂದು ಕಂಡರೆ ಲೀನಿಯರ್ ಕೆಲಸ ಮಾಡುತ್ತಿದೆ. ಬ್ಲರ್ ಆದ ಕಡೆ ಕಪ್ಪಾಗಿ ಕಂಡರೆ ನೀವಿನ್ನೂ ಗಾಮಾದಲ್ಲಿದ್ದೀರಿ. ಎಸ್‌ಆರ್‌ಜಿಬಿ ವ್ಯೂನಲ್ಲಿ ಆ ಬೂದು 188 ಇರಬೇಕು, 128 ಅಲ್ಲ.

ಚಿತ್ರ ಪೂರ್ತಿ ಹಾಲು ಹಾಲಾಗಿ ತೊಳೆದ ಹಾಗಿದ್ದರೆ ವಕ್ರರೇಖೆ ಎರಡು ಸಲ ಬಿದ್ದಿದೆ. ವ್ಯೂವರ್‌ನದನ್ನೇ ನೋಡ್ ಒಂದರಲ್ಲೂ ಹಾಕಿರುತ್ತೀರಿ. ಕಪ್ಪಾಗಿ ಗಡುಸಾಗಿದ್ದರೆ ಎರಡು ಸಲ ಬಿಚ್ಚಿದೆ, ಇಲ್ಲವೇ ತೋರಿಸುವ ವಕ್ರರೇಖೆ ಬಿದ್ದೇ ಇಲ್ಲ. ಎರಡರಲ್ಲೂ ಬಣ್ಣ ತಿದ್ದಿ ಮುಚ್ಚಲು ಹೋಗಬೇಡಿ. ಕೊನೆಯಿಂದ ಒಂದೊಂದೇ ನೋಡ್ ಹಿಂದೆ ಹೋಗಿ, ಎಲ್ಲಿ ಬದಲಾಯಿತು ಎಂದು ಹುಡುಕಿ.

ಕಂದೀಲಿನ ಶಾಟ್ ಕೊನೆಗೆ ಹೋದದ್ದು ಹೀಗೆ: ಲಾಗ್ ಮೂಲದಿಂದ ಲೀನಿಯರ್, ಐದು ಬ್ಲರ್, 5%, ಹಾಫ್ ಫ್ಲೋಟ್ ಇಎಕ್ಸ್‌ಆರ್. ಅದನ್ನು ನೋಡಿದ ನಿರ್ದೇಶಕರು ಗ್ಲೋ ಬಗ್ಗೆ ಏನೂ ಹೇಳಲಿಲ್ಲ. ಗೋಡೆಯ ಮೇಲೆ ಒಂದು ಹಲ್ಲಿ ಇದೆ, ಅದನ್ನು ತೆಗೆಯೋಕೆ ಆಗುತ್ತಾ ಎಂದು ಕೇಳಿದರು. ಅಲ್ಲಿಯವರೆಗೆ ಆ ಹಲ್ಲಿ ಇದ್ದದ್ದು ನಮಗೆ ಯಾರಿಗೂ ಕಂಡಿರಲಿಲ್ಲ.